ನಿಜ ಅಂತ ಗೊತ್ತಿದ್ದರೂ ಸಬ್ಜಂಕ್ಟಿವ್ ಯಾಕೆ?

ಪ್ರಶ್ನೆ: ಮೇಡಂ, ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಬಿ1 ಕ್ಲಾಸಿಗೆ ಹೋಗ್ತಿದ್ದೀನಿ. ಆಫೀಸಿನಲ್ಲಿ ಮೆಕ್ಸಿಕೋ ಟೀಮ್ ಜೊತೆ ಕೆಲಸ. ಆಸೆ, ಅನುಮಾನ, ಭಾವನೆ ಬಂದರೆ ಕ್ರಿಯಾಪದದ ಮಾಮೂಲಿ ಇಂಡಿಕೇಟಿವ್ ರೂಪ ಬಿಟ್ಟು ಸಬ್ಜಂಕ್ಟಿವ್ ರೂಪ ಹಾಕಿ ಅಂತ ಪಟ್ಟಿ ಕೊಟ್ಟಿದ್ದಾರೆ. ಆಸೆ ಸರಿ, ಅದು ಇನ್ನೂ ಆಗಿಲ್ಲ. ಆದರೆ ‘ನೀನು ಇಲ್ಲಿರೋದು ಖುಷಿ’ ಅನ್ನುವಾಗ ಅವನು ಎದುರಿಗೇ ಇದ್ದಾನಲ್ಲ, ಅಲ್ಲೂ ಯಾಕೆ ಸಬ್ಜಂಕ್ಟಿವ್? ‘ಕ್ರೆಯೊ ಕೆ’ (ನನಗೆ ಅನ್ಸುತ್ತೆ) ಅಂದರೆ ಪೂರ್ತಿ ಖಾತ್ರಿ ಇಲ್ಲ ಅಂತ ತಾನೆ, ಅಲ್ಲಿ ಯಾಕೆ ಬೇಡ? ಪಟ್ಟಿ ಉರು ಹೊಡೆದರೂ ಮಾತಾಡುವಾಗ ತಪ್ಪುತ್ತೆ.

ಉತ್ತರ: ನಿಮ್ಮ ಎರಡೂ ಅನುಮಾನಗಳ ಬೇರು ಒಂದೇ. ‘ನಿಜವಾದದ್ದಕ್ಕೆ ಇಂಡಿಕೇಟಿವ್, ನಿಜವಲ್ಲದ್ದಕ್ಕೆ ಸಬ್ಜಂಕ್ಟಿವ್’ ಅನ್ನುವ ಸೂತ್ರ ನಿಮ್ಮ ತಲೆಯಲ್ಲಿ ಕೂತಿದೆ. ಬಹಳ ಕ್ಲಾಸುಗಳಲ್ಲಿ ಹಾಗೇ ಶುರು ಮಾಡಿಸುತ್ತಾರೆ, ಯಾಕೆಂದರೆ ‘ನನಗೆ ಇದು ಬೇಕು’ ಅನ್ನುವ ವಾಕ್ಯಗಳವರೆಗೆ ಅದು ಚೆನ್ನಾಗಿ ಓಡುತ್ತದೆ. ಖುಷಿ, ಬೇಜಾರು ಬಂದ ಕೂಡಲೇ ಮುರಿದು ಬೀಳುತ್ತದೆ. ಆ ಸೂತ್ರವನ್ನು ಬಿಟ್ಟುಬಿಡಿ. ಸ್ಪ್ಯಾನಿಷ್ ನೋಡುವುದು ಸಂಗತಿ ನಿಜವೋ ಸುಳ್ಳೋ ಅಂತ ಅಲ್ಲ. ನಮ್ಮ ‘ಅಂತ’ದ ಥರ ಎರಡು ಮಾತು ಜೋಡಿಸುವ ‘ಕೆ’ ಆದಮೇಲೆ ಬರುವ ಮಾತನ್ನು ಯಾರಾದರೂ ‘ಇದು ಹೀಗಿದೆ’ ಅಂತ ಸುದ್ದಿಯಾಗಿ ಹೇಳುತ್ತಿದ್ದಾರೋ ಇಲ್ಲವೋ ಅನ್ನುವುದನ್ನು. ಹೇಳುತ್ತಿದ್ದರೆ ಇಂಡಿಕೇಟಿವ್. ಆ ಮಾತನ್ನು ಸುಮ್ನೆ ಎತ್ತಿಕೊಂಡು ಅದರ ಮೇಲೆ ಆಸೆಯನ್ನೋ ಅನುಮಾನವನ್ನೋ ಖುಷಿಯನ್ನೋ ಇಡುತ್ತಿದ್ದರೆ ಸಬ್ಜಂಕ್ಟಿವ್.

ಈಗ ನಿಮ್ಮ ವಾಕ್ಯವನ್ನೇ ನೋಡೋಣ. (ಸ್ಪ್ಯಾನಿಷ್ ಮಾತುಗಳನ್ನು ಕಿವಿಗೆ ಕೇಳುವ ಹಾಗೆ, ಲ್ಯಾಟಿನ್ ಅಮೆರಿಕದ ಉಚ್ಚಾರದಲ್ಲಿ ಬರೆಯುತ್ತಿದ್ದೇನೆ. ಅವರು ವಿ ಅಂತ ಬರೆಯುವ ಅಕ್ಷರ ಕೇಳುವುದು ಬ ಅಂತ, ಹಾಗಾಗಿ ಇಲ್ಲೂ ಬ.) ‘ಮೆ ಅಲೆಗ್ರೊ ದೆ ಕೆ ಎಸ್ತೆಸ್ ಆಕಿ’, ನೀನು ಇಲ್ಲಿರುವುದು ನನಗೆ ಖುಷಿ. ಇದನ್ನು ಕೇಳಿಸಿಕೊಳ್ಳುತ್ತಿರುವವನಿಗೆ ತಾನು ಇಲ್ಲಿದ್ದೇನೆ ಅಂತ ನೀವು ಹೇಳಿ ಗೊತ್ತಾಗಬೇಕಾ? ಇಲ್ಲ ಅಲ್ವಾ. ಅವನಿಗೆ ಹೊಸದಾಗಿ ತಿಳಿಯುತ್ತಿರುವುದು ನಿಮ್ಮ ಖುಷಿ ಮಾತ್ರ. ಅವನ ಇರುವಿಕೆ ಇಬ್ಬರಿಗೂ ಮೊದಲೇ ಗೊತ್ತಿರುವ ವಿಷಯ. ನೀವು ಅದನ್ನು ಹೇಳುತ್ತಿಲ್ಲ, ಅದಕ್ಕೆ ಪ್ರತಿಕ್ರಿಯೆ ಕೊಡುತ್ತಿದ್ದೀರಿ. ಅದಕ್ಕೇ ‘ಎಸ್ತಾಸ್’ ಅಲ್ಲ, ‘ಎಸ್ತೆಸ್’.

‘ಕ್ರೆಯೊ ಕೆ ಬಿಯೆನೆ’ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅವನು ಬರುತ್ತಾನೆ ಅಂತ ನನಗೆ ಅನ್ಸುತ್ತೆ ಅಂದಾಗ ನಿಮಗೆ ನೂರಕ್ಕೆ ಅರವತ್ತರಷ್ಟೇ ನಂಬಿಕೆ ಇರಬಹುದು. ಆದರೂ ನೀವು ಕೇಳಿದವರ ಕೈಗೆ ಕೊಟ್ಟದ್ದು ‘ಅವನು ಬರುತ್ತಾನೆ’ ಅನ್ನುವ ಸುದ್ದಿಯನ್ನೇ. ‘ಬರ್ತಾನೆ, ನನಗೆ ತಿಳಿದ ಮಟ್ಟಿಗೆ’ ಅಂತ ಒಂದು ಬಾಲ ಅಂಟಿಸಿದ್ದೀರಿ ಅಷ್ಟೇ. ‘ಅವನು ಬರ್ತಾನಾ?’ ಅಂತ ಕೇಳಿದವರಿಗೆ ಇದು ಪೂರ್ತಿ ಉತ್ತರ. ‘ಅವನು ಬಂದದ್ದು ಖುಷಿ’ ಅನ್ನುವುದು ಆ ಪ್ರಶ್ನೆಗೆ ಉತ್ತರ ಆಗಲ್ಲ, ‘ಅವನು ಬರಲಿ ಅಂತ ಆಸೆ’ ಅನ್ನುವುದೂ ಆಗಲ್ಲ. ಮಾತಾಡುವಾಗ ಗೊಂದಲ ಆದರೆ ಈ ಪರೀಕ್ಷೆ ಮಾಡಿ: ‘ಕೆ’ ಆದಮೇಲಿನ ಮಾತನ್ನೇ ಒಂದು ಪ್ರಶ್ನೆ ಮಾಡಿ ಯಾರೋ ಕೇಳಿದರು ಅಂದುಕೊಳ್ಳಿ, ನಿಮ್ಮ ಪೂರ್ತಿ ವಾಕ್ಯ ಅದಕ್ಕೆ ‘ಹೌದು, ಹಾಗೇ’ ಅನ್ನುವ ಉತ್ತರವಾಗಿ ನಿಲ್ಲುತ್ತದಾ? ನಿಂತರೆ ಇಂಡಿಕೇಟಿವ್.

ಕನ್ನಡದವರಿಗೆ ಇದು ಅಷ್ಟು ಹೊಸದಲ್ಲ. ನಾವು ದಿನಾ ಮಾಡುವುದನ್ನೇ ಸ್ವಲ್ಪ ಗಮನಿಸಿ ನೋಡಿ. ‘ಅವನು ಬರ್ತಾನೆ ಅಂತ ಗೊತ್ತು’, ‘ಅವನು ಬರ್ತಾನೆ ಅಂತ ಅನ್ಸುತ್ತೆ’: ಎರಡರಲ್ಲೂ ‘ಬರ್ತಾನೆ’ ಅನ್ನುವ ಪೂರ್ಣ ಕ್ರಿಯಾಪದ ಹಾಗೇ ಉಳಿದಿದೆ, ಒಂಟಿಯಾಗಿ ಹೇಳಿದರೂ ನಡೆಯುತ್ತದೆ. ಆಸೆ ಬಂದರೆ ‘ಬರಲಿ ಅಂತ ಆಸೆ’ ಅಥವಾ ‘ಬರಬೇಕು ಅಂತ ಆಸೆ’. ಅನುಮಾನ ಬಂದರೆ ‘ಬರ್ತಾನೋ ಇಲ್ವೋ ಅನುಮಾನ’. ಖುಷಿ ಬಂದರೆ ‘ಅವನು ಬಂದದ್ದು ಖುಷಿಯಾಯ್ತು’. ಈ ಕೊನೆಯದನ್ನು ಹತ್ತಿರದಿಂದ ನೋಡಿ. ಅವನು ಬಂದಿರುವುದು ನಿಜ, ಅದರಲ್ಲಿ ಅನುಮಾನವೇ ಇಲ್ಲ. ಆದರೂ ನಾವು ‘ಬಂದ’ ಅನ್ನುವ ಪೂರ್ಣ ಕ್ರಿಯಾಪದ ಇಟ್ಟುಕೊಳ್ಳದೆ ‘ಬಂದದ್ದು’ ಅಂತ ಅದನ್ನು ಒಂದು ಹೆಸರಿನ ಥರ ಮಾಡಿಬಿಟ್ಟೆವು. ‘ಅವನು ಬಂದದ್ದು’ ಅಂತ ಹೇಳಿ ನಿಲ್ಲಿಸಿದರೆ ಎದುರಿನವರು ‘ಹ್ಞೂಂ, ಬಂದದ್ದು ಏನಾಯ್ತು?’ ಅಂತ ಕೇಳುತ್ತಾರೆ, ಯಾಕೆಂದರೆ ಅಲ್ಲಿ ಇನ್ನೂ ಏನೂ ಹೇಳಿ ಆಗಿಲ್ಲ. ಸ್ಪ್ಯಾನಿಷಿನಲ್ಲಿ ಕ್ರಿಯಾಪದವನ್ನು ಹೀಗೆ ಹೆಸರು ಮಾಡುವ ಬದಲು ಅದರ ಕೊನೆಯ ಸ್ವರವನ್ನು ಬದಲಿಸುತ್ತಾರೆ. ‘ಎಸ್ತೆಸ್ ಆಕಿ’ ಅಂತಷ್ಟೇ ಹೇಳಿ ನಿಲ್ಲಿಸಿದರೂ ಅವರಿಗೆ ಹಾಗೇ ಅರ್ಧಕ್ಕೆ ನಿಂತ ಹಾಗೆ ಕೇಳುತ್ತದೆ.

ಆದರೆ ಕನ್ನಡದ ಈ ಸಹಾಯ ಎರಡು ಕಡೆ ಕೈ ಕೊಡುತ್ತದೆ. ನನ್ನ ಹತ್ತಿರ ಬರುವ ಕನ್ನಡದ ವಿದ್ಯಾರ್ಥಿಗಳ ತಪ್ಪುಗಳು ಬಹುಪಾಲು ಇವೆರಡರಲ್ಲೇ. ಒಂದು, ನಾವು ‘ನೀನು ಬಂದೆ ಅಂತ ಖುಷಿ ಆಯ್ತು’ ಅಂತಲೂ ಹೇಳುತ್ತೇವೆ, ಆ ‘ಬಂದೆ ಅಂತ’ ತಲೆಯಲ್ಲಿದ್ದರೆ ಬಾಯಿಂದ ಇಂಡಿಕೇಟಿವ್ ಬಂದುಬಿಡುತ್ತದೆ. ಎರಡು, ‘ಅವನು ಬರ್ತಾನೆ ಅಂತ ಅನ್ಸಲ್ಲ’. ಇಲ್ಲಿ ಕನ್ನಡ ‘ಬರ್ತಾನೆ’ಯನ್ನು ಮುಟ್ಟುವುದೇ ಇಲ್ಲ, ‘ಅನ್ಸುತ್ತೆ’ ಹೋಗಿ ‘ಅನ್ಸಲ್ಲ’ ಬಂತು ಅಷ್ಟೇ. ಸ್ಪ್ಯಾನಿಷ್ ಮಾತ್ರ ಅಲ್ಲಿ ಬದಲಾಗಲೇಬೇಕು: ‘ನೊ ಕ್ರೆಯೊ ಕೆ ಬೆಂಗಾ’. ಈ ಎರಡು ಜಾಗಗಳಲ್ಲಿ ಕನ್ನಡದ ಕಡೆ ತಿರುಗಿ ನೋಡಬೇಡಿ.

ಒಂದೊಂದಾಗಿ ನೋಡೋಣ. ಆಸೆಯದು ಸುಲಭ, ಜಾಸ್ತಿ ಹೇಳುವುದಿಲ್ಲ. ‘ಕಿಯೆರೊ ಕೆ ಬೆಂಗಾಸ್’, ನೀನು ಬರಬೇಕು ಅಂತ ನನಗೆ ಆಸೆ. ‘ಎಸ್ಪೆರೊ ಕೆ ಯೆಗೆಸ್ ಬಿಯೆನ್’, ಚೆನ್ನಾಗಿ ತಲುಪು ಅಂತ ಹಾರೈಕೆ. ‘ನೊ’ ಸೇರಿಸಿದರೂ ಏನೂ ಬದಲಾಗಲ್ಲ: ‘ನೊ ಕಿಯೆರೊ ಕೆ ಬೆಂಗಾಸ್’. ನೀನು ಬರುವುದು ಬೇಡ ಅಂದಾಗಲೂ ನೀನು ಬರುತ್ತೀಯ ಅಂತ ನಾನೇನೂ ಸುದ್ದಿ ಹೇಳಲಿಲ್ಲವಲ್ಲ.

ಗಮನ ಇಡಬೇಕಾದ್ದು ಯಾರ ಆಸೆ, ಯಾರ ಕೆಲಸ ಅನ್ನುವುದರ ಮೇಲೆ. ಬಯಸುವವರೂ ಮಾಡುವವರೂ ಒಬ್ಬರೇ ಆದರೆ ‘ಕೆ’ ಬೇಡ, ಸಬ್ಜಂಕ್ಟಿವ್ ಬೇಡ, ಮೂಲ ರೂಪ ಸಾಕು. ‘ಕಿಯೆರೊ ಇರ್’, ನಾನು ಹೋಗಬೇಕು. ‘ಕಿಯೆರೊ ಕೆ ಬಾಯಾಸ್’, ನೀನು ಹೋಗಬೇಕು. ಕನ್ನಡದಲ್ಲಿ ಎರಡಕ್ಕೂ ‘ಹೋಗಬೇಕು’ ಒಂದೇ, ಯಾರು ಅನ್ನುವುದಷ್ಟೇ ಬದಲಾಗುತ್ತದೆ, ಅದಕ್ಕೇ ಇದು ನಮಗೆ ಬೇಗ ಹೊಳೆಯುವುದಿಲ್ಲ. ಇದೇ ನಿಯಮ ಖುಷಿಗೂ ಸಲ್ಲುತ್ತದೆ: ‘ಮೆ ಅಲೆಗ್ರೊ ದೆ ಎಸ್ತಾರ್ ಆಕಿ’, ನಾನು ಇಲ್ಲಿರುವುದು ನನಗೆ ಖುಷಿ.

ಆಸೆಯ ವಿಷಯದಲ್ಲಿ ಎಲ್ಲಕ್ಕಿಂತ ಚೆಂದದ ಜೋಡಿ ‘ದಿಸೆ ಕೆ’ ಅನ್ನುವುದರಲ್ಲಿದೆ. ‘ದಿಸೆ’ ಅಂದರೆ ಹೇಳುತ್ತಾರೆ, ಅಷ್ಟೇ, ಅದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ‘ಮಿ ಮಾದ್ರೆ ದಿಸೆ ಕೆ ಕೊಮೆಸ್ ಪೊಕೊ’: ನೀನು ಕಮ್ಮಿ ತಿನ್ನುತ್ತೀಯ ಅಂತ ನಮ್ಮಮ್ಮ ಹೇಳ್ತಾರೆ. ಇದು ಸುದ್ದಿ, ಅಮ್ಮ ಕಂಡದ್ದನ್ನು ಹೇಳಿದ್ದು. ‘ಮಿ ಮಾದ್ರೆ ದಿಸೆ ಕೆ ಕೊಮಾಸ್ ಮಾಸ್’: ಇನ್ನೂ ತಿನ್ನಬೇಕಂತೆ, ಅಮ್ಮ ಹೇಳ್ತಾರೆ. ಇದು ಅಮ್ಮನ ಆಸೆ. ಮೊದಲ ಭಾಗ ಎರಡರಲ್ಲೂ ಅಕ್ಷರ ಅಕ್ಷರಕ್ಕೆ ಒಂದೇ. ‘ಕೊಮೆಸ್’ ಹೋಗಿ ‘ಕೊಮಾಸ್’ ಬಂದದ್ದೇ ಸುದ್ದಿಯನ್ನು ಆಸೆ ಮಾಡಿತು. ಪಟ್ಟಿ ಉರು ಹೊಡೆದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಯಾವ ಪದ ಕಂಡರೆ ಸಬ್ಜಂಕ್ಟಿವ್ ಅಂತ ಕಾಯುತ್ತಾ ಕೂತರೆ ‘ದಿಸೆ’ಯಲ್ಲಿ ಏನೂ ಕಾಣುವುದಿಲ್ಲ, ಮಾತಿನ ಉದ್ದೇಶದಲ್ಲಿ ಮಾತ್ರ ಕಾಣುತ್ತದೆ.

ಇನ್ನು ಅನುಮಾನ. ಇದನ್ನು ‘ಅನುಮಾನ’ ಅಂತ ಕರೆಯುವುದೇ ನನಗೆ ಅಷ್ಟು ಇಷ್ಟವಿಲ್ಲ, ‘ಆ ಮಾತಿನ ಜವಾಬ್ದಾರಿ ಹೊರಲು ಒಪ್ಪದಿರುವುದು’ ಅಂದರೆ ಸರಿ ಹೋಗುತ್ತದೆ. ‘ದುದೊ ಕೆ ಬೆಂಗಾ’, ಅವನು ಬರುವುದು ಅನುಮಾನ: ಜವಾಬ್ದಾರಿ ಇಲ್ಲ. ‘ನೊ ಕ್ರೆಯೊ ಕೆ ಬೆಂಗಾ’, ಬರ್ತಾನೆ ಅಂತ ಅನ್ಸಲ್ಲ: ಇಲ್ಲ. ‘ನೊ ಎಸ್ ಬೆರ್ದಾದ್ ಕೆ ತೆಂಗಾ ದಿನೆರೊ’, ಅವನ ಹತ್ತಿರ ದುಡ್ಡಿದೆ ಅನ್ನುವುದು ನಿಜ ಅಲ್ಲ. ಈ ಕೊನೆಯದರಲ್ಲಿ ಅನುಮಾನ ಎಳ್ಳಷ್ಟೂ ಇಲ್ಲ, ಅದು ಪೂರ್ತಿ ಖಾತ್ರಿಯ ಮಾತು. ಆದರೂ ಸಬ್ಜಂಕ್ಟಿವ್, ಯಾಕೆಂದರೆ ‘ದುಡ್ಡಿದೆ’ ಅನ್ನುವ ಮಾತನ್ನು ನೀವು ಹೇಳುತ್ತಿಲ್ಲ, ತಳ್ಳಿಹಾಕುತ್ತಿದ್ದೀರಿ.

ಆಸೆಗೂ ಇದಕ್ಕೂ ಇರುವ ವ್ಯತ್ಯಾಸ ‘ನೊ’ದಲ್ಲಿದೆ. ಇಲ್ಲಿ ‘ನೊ’ ಬಂದರೆ ಪಕ್ಷವೇ ಬದಲಾಗುತ್ತದೆ. ‘ಕ್ರೆಯೊ ಕೆ ಬಿಯೆನೆ’, ‘ನೊ ಕ್ರೆಯೊ ಕೆ ಬೆಂಗಾ’. ‘ಎಸ್ ಬೆರ್ದಾದ್ ಕೆ ತಿಯೆನೆ ದಿನೆರೊ’, ‘ನೊ ಎಸ್ ಬೆರ್ದಾದ್ ಕೆ ತೆಂಗಾ ದಿನೆರೊ’. ‘ದುದೊ’ದಲ್ಲಿ ಇದು ಉಲ್ಟಾ ನಡೆಯುತ್ತದೆ: ‘ನೊ ದುದೊ ಕೆ ಬಿಯೆನೆ’, ಬರ್ತಾನೆ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ, ಅಂದರೆ ಜವಾಬ್ದಾರಿ ಹೊತ್ತೆ. ಇದರ ಜೊತೆ ಸಬ್ಜಂಕ್ಟಿವ್ ಹಾಕುವವರೂ ಇದ್ದಾರೆ, ಕೇಳಿದರೆ ಗಾಬರಿಯಾಗಬೇಡಿ. ಹಾಗೆಯೇ ‘ಕ್ರೆಯೆಸ್ ಕೆ...?’ ಅಂತ ಪ್ರಶ್ನೆ ಕೇಳುವಾಗ ಎರಡೂ ನಡೆಯುತ್ತವೆ. ನಿಮ್ಮ ಹಂತದಲ್ಲಿ ಪ್ರಶ್ನೆಗೆ ಇಂಡಿಕೇಟಿವ್ ಹಾಕಿದರೆ ಯಾರೂ ತಪ್ಪು ಅನ್ನುವುದಿಲ್ಲ.

ಒಂದು ಚಿಕ್ಕ ಪದದ ಬಗ್ಗೆ ಎಚ್ಚರಿಕೆ: ‘ಸಿ’. ‘ನೊ ಸೆ ಸಿ ಬಿಯೆನೆ’, ಬರ್ತಾನೋ ಇಲ್ವೋ ಗೊತ್ತಿಲ್ಲ. ಅನುಮಾನ ತುಂಬಿ ತುಳುಕುತ್ತಿದೆ, ಆದರೂ ಇಂಡಿಕೇಟಿವ್, ಯಾಕೆಂದರೆ ಅಲ್ಲಿ ‘ಕೆ’ ಇಲ್ಲ, ‘ಸಿ’ ಇದೆ, ಅದು ಒಳಗೆ ಅಡಗಿರುವ ಪ್ರಶ್ನೆ. ಅನುಮಾನ ಅಂದಕೂಡಲೇ ಸಬ್ಜಂಕ್ಟಿವ್ ಹಾಕುವ ಹುಮ್ಮಸ್ಸಿನಲ್ಲಿ ಇಲ್ಲಿ ಎಡವುವವರು ತುಂಬಾ. ನಿಮ್ಮ ಮೆಕ್ಸಿಕೋದವರು ಮಾತ್ರ ‘ನೊ ಸೆ ಸಿ ಸೆಯಾ ಸಿಯೆರ್ತೊ’, ಅದು ನಿಜವೋ ಏನೋ ಗೊತ್ತಿಲ್ಲ, ಅಂತ ಸಬ್ಜಂಕ್ಟಿವ್ ಹಾಕಿ ಹೇಳುವುದನ್ನು ನೀವು ಖಂಡಿತ ಕೇಳುತ್ತೀರಿ. ಅದು ಆ ಕಡೆಯ ವಾಡಿಕೆ, ತಪ್ಪಲ್ಲ. ಪರೀಕ್ಷೆಯಲ್ಲಿ ಬರೆಯುವಾಗ ಇಂಡಿಕೇಟಿವ್ ಇಟ್ಟುಕೊಳ್ಳಿ.

ಭಾವನೆಯ ಹತ್ತಿರ ಬರೋಣ, ನಿಮ್ಮ ಪ್ರಶ್ನೆ ಹುಟ್ಟಿದ್ದೇ ಅಲ್ಲಿ. ‘ಮೆ ಅಲೆಗ್ರೊ ದೆ ಕೆ’ ಖುಷಿಗೆ, ‘ಮೆ ಮೊಲೆಸ್ತಾ ಕೆ’ ಕಿರಿಕಿರಿಗೆ, ‘ಮೆ ಸೊರ್ಪ್ರೆಂದೆ ಕೆ’ ಆಶ್ಚರ್ಯಕ್ಕೆ, ‘ತೆಂಗೊ ಮಿಯೆದೊ ದೆ ಕೆ’ ಭಯಕ್ಕೆ, ‘ಕೆ ಲಾಸ್ತಿಮಾ ಕೆ’ ಅಯ್ಯೋ ಪಾಪ ಅನ್ನುವುದಕ್ಕೆ. ಮನೆ ಮೇಲಿನವರು ರಾತ್ರಿ ಹನ್ನೊಂದಕ್ಕೆ ಕುರ್ಚಿ ಎಳೆದಾಡುತ್ತಾರೆ ಅಂದುಕೊಳ್ಳಿ. ‘ಮೆ ಮೊಲೆಸ್ತಾ ಕೆ ಆಗಾನ್ ರುಯಿದೊ’, ಅವರು ಸದ್ದು ಮಾಡುವುದು ನನಗೆ ಕಿರಿಕಿರಿ. ಸದ್ದು ನಿಜ, ಇಡೀ ಬಿಲ್ಡಿಂಗಿಗೇ ಕೇಳುತ್ತಿದೆ. ನೀವು ಹೇಳಲು ಹೊರಟದ್ದು ಕಿರಿಕಿರಿಯನ್ನು. ಅದೇ ಓನರ್‌ಗೆ ಫೋನ್ ಮಾಡಿ ವಿಷಯ ತಿಳಿಸಬೇಕು ಅಂದರೆ, ಅವರಿಗೆ ಸದ್ದಿನ ವಿಚಾರವೇ ಗೊತ್ತಿಲ್ಲ ಅಂದರೆ, ವಾಕ್ಯವನ್ನೇ ಎರಡು ಮಾಡಿ: ‘ಆಸೆನ್ ರುಯಿದೊ, ಇ ಮೆ ಮೊಲೆಸ್ತಾ’, ಅವರು ಸದ್ದು ಮಾಡುತ್ತಾರೆ, ನನಗೆ ಕಿರಿಕಿರಿ. ಸುದ್ದಿ ಹೇಳುವ ಕೆಲಸಕ್ಕೆ ಒಂದು ಇಂಡಿಕೇಟಿವ್ ವಾಕ್ಯ ಬೇರೆಯಾಗಿಯೇ ಬಂತು. ‘ಮೆ ಮೊಲೆಸ್ತಾ ಕೆ’ ಒಳಗೆ ಆ ಸುದ್ದಿಯನ್ನು ತುರುಕಲು ಸ್ಪ್ಯಾನಿಷ್ ಬಿಡುವುದಿಲ್ಲ, ಕೇಳುವವರಿಗೆ ಮೊದಲೇ ಗೊತ್ತಿರಲಿ ಇಲ್ಲದಿರಲಿ, ಅಲ್ಲಿ ಅದು ಹಿನ್ನೆಲೆಗೇ ಹೋಗುತ್ತದೆ.

ಈ ಮಾತು ಸರಿಯಾಗಿ ಕೂತಿದೆಯಾ ಅಂತ ನೋಡಿಕೊಳ್ಳಲು ಎರಡು ಪದ ಸಾಕು. ಮೊದಲನೆಯದು ‘ಸಿಯೆಂತೊ ಕೆ’. ‘ಸಿಯೆಂತೊ ಕೆ ಎಸ್ತೆಸ್ ಎನ್‌ಫೆರ್ಮೊ’: ನಿನಗೆ ಹುಷಾರಿಲ್ಲದಿರುವುದು ನನಗೆ ಬೇಜಾರು. ಹುಷಾರಿಲ್ಲದವನಿಗೇ ಹೇಳುತ್ತಿದ್ದೇನೆ, ಅವನಿಗೆ ಸುದ್ದಿ ಬೇಕಿಲ್ಲ, ಸಬ್ಜಂಕ್ಟಿವ್. ‘ಸಿಯೆಂತೊ ಕೆ ಆಲ್ಗೊ ಬಾ ಮಾಲ್’: ಏನೋ ಸರಿ ಇಲ್ಲ ಅಂತ ನನ್ನ ಮನಸ್ಸು ಹೇಳುತ್ತಿದೆ. ಇಲ್ಲಿ ‘ಸಿಯೆಂತೊ’ ಬೇಜಾರಲ್ಲ, ಗ್ರಹಿಕೆ. ನಾನು ಗ್ರಹಿಸಿದ್ದನ್ನು ಹೇಳುತ್ತಿದ್ದೇನೆ, ಹೆಚ್ಚುಕಡಿಮೆ ‘ಕ್ರೆಯೊ’ ಥರ, ಅದಕ್ಕೇ ಇಂಡಿಕೇಟಿವ್. ಪದ ಒಂದೇ, ಮಾಡುತ್ತಿರುವ ಕೆಲಸ ಬೇರೆ.

ಎರಡನೆಯದು ‘ಮೆ ತೆಮೊ ಕೆ’. ಡಿಕ್ಷನರಿ ನೋಡಿದರೆ ಭಯ. ಆದರೆ ಹೋಟೆಲಿನವರು ‘ಮೆ ತೆಮೊ ಕೆ ನೊ ಆಯ್ ಮೆಸಾಸ್’ ಅಂದರೆ ಅವರೇನೂ ಹೆದರಿಲ್ಲ. ‘ಟೇಬಲ್ ಖಾಲಿ ಇಲ್ಲ ಸರ್’ ಅನ್ನುವುದನ್ನೇ ಮೆತ್ತಗೆ ಹೇಳುತ್ತಿದ್ದಾರೆ. ನಿಮಗೆ ತಲುಪಬೇಕಾದ ಸುದ್ದಿಯೇ ಅದು, ಹಾಗಾಗಿ ‘ಆಯ್’ ಅನ್ನುವ ಇಂಡಿಕೇಟಿವ್. ನಿಜವಾದ ಭಯ ಬಂದರೆ ರೂಪ ಬದಲಾಗುತ್ತದೆ: ‘ತೆಂಗೊ ಮಿಯೆದೊ ದೆ ಕೆ ನೊ ಆಯಾ ಮೆಸಾಸ್’, ಟೇಬಲ್ ಸಿಗದೇ ಹೋದರೆ ಅಂತ ಭಯ. ಇದನ್ನು ಹೋಟೆಲಿಗೆ ಹೊರಡುವ ಮುಂಚೆ ನೀವು ಹೇಳುತ್ತೀರಿ, ಹೋಟೆಲಿನವರು ಹೇಳುವುದಿಲ್ಲ.

ರೂಪ ಮಾಡುವುದು ನಿಮಗೆ ಗೊತ್ತಿರುತ್ತದೆ, ಆದರೂ ಒಂದು ಮಾತು. ‘ನಾನು’ ರೂಪದಿಂದ ಹೊರಡಿ, ಕೊನೆಯ ‘ಒ’ ತೆಗೆಯಿರಿ, ಎದುರು ಪಕ್ಷದ ಸ್ವರ ಹಾಕಿ, ಅಂದರೆ ‘ಆರ್’ ಕ್ರಿಯಾಪದಕ್ಕೆ ‘ಎ’, ‘ಎರ್’, ‘ಇರ್’ ಕ್ರಿಯಾಪದಕ್ಕೆ ‘ಆ’. ‘ಆಬ್ಲೊ’ ಇದ್ದದ್ದು ‘ಆಬ್ಲೆ’, ‘ಕೊಮೊ’ ಇದ್ದದ್ದು ‘ಕೊಮಾ’, ‘ತೆಂಗೊ’ ಇದ್ದದ್ದು ‘ತೆಂಗಾ’. ಹೀಗೆ ಹೊರಟರೆ ವಕ್ರವಾಗಿ ಕಾಣುವ ಕ್ರಿಯಾಪದಗಳೂ ಬಹಳಷ್ಟು ತಾವಾಗಿಯೇ ಸರಿಯಾಗುತ್ತವೆ. ಈ ದಾರಿಗೆ ಬಗ್ಗದವು ಆರೇ, ಅವನ್ನು ಮಾತ್ರ ಬಾಯಿಪಾಠ ಮಾಡಿ: ‘ಸೆಯಾ’, ‘ಎಸ್ತೆ’, ‘ಬಾಯಾ’, ‘ಆಯಾ’, ‘ಸೆಪಾ’, ‘ದೆ’. ಇರು, ಇರು (ಸ್ಥಿತಿ, ಜಾಗಕ್ಕೆ), ಹೋಗು, ಸಹಾಯಕ ಕ್ರಿಯಾಪದ, ತಿಳಿ, ಕೊಡು, ಇದೇ ಸಾಲಿನಲ್ಲಿ. ದಿನಬಳಕೆಯ ಸ್ಪ್ಯಾನಿಷಿನಲ್ಲಿ ಸಬ್ಜಂಕ್ಟಿವ್‌ಗೆ ಭವಿಷ್ಯ ರೂಪ ಇಲ್ಲ, ನಾಳೆಯ ವಿಷಯಕ್ಕೂ ವರ್ತಮಾನದ್ದೇ: ‘ದುದೊ ಕೆ ಬೆಂಗಾ ಮಾನ್ಯಾನಾ’. ಮೊದಲ ಭಾಗ ಹಿಂದಿನ ಕಾಲಕ್ಕೆ ಹೋದರೆ ಎರಡನೆಯದೂ ಹಿಂದೆ ಹೋಗುತ್ತದೆ: ‘ಕೆರಿಯಾ ಕೆ ಬಿನಿಯೆರಾಸ್’, ನೀನು ಬರಬೇಕು ಅಂತ ಆಸೆ ಇತ್ತು. ಅದನ್ನು ಇನ್ನೊಂದು ದಿನ ವಿವರವಾಗಿ ಕೇಳಿ, ಇವತ್ತಿಗೆ ಬೇಡ.

ಈಗ ಒಂದು ಪೂರ್ತಿ ಮೆಸೇಜ್ ತಿದ್ದೋಣ. ಹುಷಾರು ತಪ್ಪಿ ರಜೆಯಲ್ಲಿದ್ದ ಮೆಕ್ಸಿಕೋದ ಸಹೋದ್ಯೋಗಿ ಈಗ ಪರವಾಗಿಲ್ಲ ಅಂತ ತಿಳಿಸಿದ್ದಾರೆ. ನಿಮ್ಮ ಮಟ್ಟದವರು ಅವರಿಗೆ ಬರೆಯಬಹುದಾದದ್ದು ಇದು:

‘ಮೆ ಅಲೆಗ್ರೊ ದೆ ಕೆ ಎಸ್ತಾಸ್ ಮೆಹೊರ್. ಕ್ರೆಯೊ ಕೆ ಎಲ್ ಇನ್‌ಫೊರ್ಮೆ ಎಸ್ತೆ ಲಿಸ್ತೊ. ಕಿಯೆರೊ ಕೆ ಯೊ ಲೊ ರೆಬಿಸೆ ಓಯ್. ನೊ ಕ್ರೆಯೊ ಕೆ ಆಯ್ ಪ್ರೊಬ್ಲೆಮಾಸ್. ಎಸ್ಪೆರೊ ಕೆ ಮೆ ರೆಸ್ಪೊಂದೆರಾಸ್ ಮಾನ್ಯಾನಾ.’

ಹೇಳಲು ಹೊರಟದ್ದು: ನೀವು ಹುಷಾರಾಗಿರುವುದು ಖುಷಿ. ರಿಪೋರ್ಟ್ ರೆಡಿ ಇದೆ ಅನ್ಸುತ್ತೆ. ಇವತ್ತು ಅದನ್ನು ನೋಡಬೇಕು ಅಂತಿದ್ದೇನೆ. ತೊಂದರೆ ಏನೂ ಇರುತ್ತೆ ಅಂತ ಅನ್ಸಲ್ಲ. ನಾಳೆ ಉತ್ತರ ಕೊಡ್ತೀರಿ ಅಂತ ಆಸೆ.

ಮೊದಲ ವಾಕ್ಯ. ಹುಷಾರಾದ ಸುದ್ದಿ ಹೇಳಿದ್ದೇ ಅವರು. ಅವರ ಸುದ್ದಿಯನ್ನು ಅವರಿಗೇ ವಾಪಸ್ ಹೇಳುವುದಿಲ್ಲ, ಪ್ರತಿಕ್ರಿಯೆ ಕೊಡುತ್ತೀರಿ. ‘ಎಸ್ತಾಸ್’ ಹೋಗಿ ‘ಎಸ್ತೆಸ್ ಮೆಹೊರ್’. ‘ನೀವು ಹುಷಾರಾದ್ರಿ ಅಂತ ಖುಷಿ’ ಅನ್ನುವ ಕನ್ನಡ ತಲೆಯಲ್ಲಿ ಓಡಿದ್ದರಿಂದ ಆದ ತಪ್ಪು ಇದು.

ಎರಡನೆಯದು ಉಲ್ಟಾ ತಪ್ಪು. ಸಬ್ಜಂಕ್ಟಿವ್ ಕಲಿತ ಹೊಸತರಲ್ಲಿ ಎಲ್ಲ ಕಡೆ ಸುರಿಯುವ ಅಭ್ಯಾಸ ಬರುತ್ತದೆ, ‘ಖಾತ್ರಿ ಇಲ್ಲವಲ್ಲ’ ಅಂತ. ‘ರಿಪೋರ್ಟ್ ರೆಡಿ ಇದೆಯಾ?’ ಅಂತ ಅವರು ಕೇಳಿದ್ದರೆ ನಿಮ್ಮ ವಾಕ್ಯವೇ ಉತ್ತರ. ‘ಕ್ರೆಯೊ ಕೆ ಎಲ್ ಇನ್‌ಫೊರ್ಮೆ ಎಸ್ತಾ ಲಿಸ್ತೊ’.

ಮೂರನೆಯದರಲ್ಲಿ ಬಯಸುವವರೂ ನೀವೇ, ನೋಡುವವರೂ ನೀವೇ. ‘ಕೆ’ಯೇ ಬೇಡ: ‘ಕಿಯೆರೊ ರೆಬಿಸಾರ್ಲೊ ಓಯ್’. ಅವರು ನೋಡಲಿ ಅಂತಿದ್ದರೆ ಮಾತ್ರ ‘ಕಿಯೆರೊ ಕೆ ಲೊ ರೆಬಿಸೆಸ್’.

ನಾಲ್ಕನೆಯದು ‘ಅನ್ಸಲ್ಲ’ದ ಬಲೆ. ತೊಂದರೆ ಇದೆ ಅಂತ ನೀವು ಹೇಳುತ್ತಿಲ್ಲ, ಆ ಮಾತನ್ನು ದೂರ ಸರಿಸುತ್ತಿದ್ದೀರಿ: ‘ನೊ ಕ್ರೆಯೊ ಕೆ ಆಯಾ ಪ್ರೊಬ್ಲೆಮಾಸ್’. ಎರಡನೆಯ ಮತ್ತು ನಾಲ್ಕನೆಯ ವಾಕ್ಯಗಳನ್ನು ಒಂದರ ಕೆಳಗೆ ಒಂದು ಇಟ್ಟು ಒಂದೆರಡು ಸಲ ಜೋರಾಗಿ ಓದಿ, ‘ಕ್ರೆಯೊ’ ಮತ್ತು ‘ನೊ ಕ್ರೆಯೊ’ ಕಿವಿಯಲ್ಲಿ ಬೇರೆ ಬೇರೆಯಾಗಿ ಕೂರಲಿ.

ಐದನೆಯದರಲ್ಲಿ ‘ನಾಳೆ’ ಇದೆ ಅಂತ ಭವಿಷ್ಯ ರೂಪ ಬಂದುಬಿಟ್ಟಿದೆ. ಆದರೆ ‘ಎಸ್ಪೆರೊ ಕೆ’ ಇಲ್ಲಿ ಹಾರೈಕೆ, ‘ಎಸ್ಪೆರೊ ಕೆ ಮೆ ರೆಸ್ಪೊಂದಾಸ್ ಮಾನ್ಯಾನಾ’. ನಾಳೆಯನ್ನು ಹೇಳಲು ‘ಮಾನ್ಯಾನಾ’ ಇದೆಯಲ್ಲ, ಕ್ರಿಯಾಪದವೂ ಹೇಳಬೇಕಾಗಿಲ್ಲ.

ಇಷ್ಟು ತಿದ್ದಿ ಕಳಿಸಿದ ಮೇಲೆ ಅವರಿಂದ ‘ಕೆ ಬುಯೆನೊ ಕೆ ಮೆ ಎಸ್ಕ್ರಿಬಿಸ್ತೆ’ ಅಂತ ಉತ್ತರ ಬಂದರೆ ಆಶ್ಚರ್ಯ ಇಲ್ಲ: ನೀನು ಬರೆದದ್ದು ಒಳ್ಳೇದಾಯ್ತು. ‘ಕೆ ಬುಯೆನೊ’ ಅನ್ನುವುದು ಭಾವನೆಯೇ, ‘ಎಸ್ಕ್ರಿಬಿಸ್ತೆ’ ಮಾತ್ರ ಅಪ್ಪಟ ಇಂಡಿಕೇಟಿವ್. ಇಲ್ಲಿಯವರೆಗೆ ಹೇಳಿದ್ದೆಲ್ಲ ಸುಳ್ಳಾಯ್ತು ಅಂದುಕೊಳ್ಳಬೇಡಿ. ಮೆಕ್ಸಿಕೋದಲ್ಲೂ ಲ್ಯಾಟಿನ್ ಅಮೆರಿಕದ ಬೇರೆ ಬಹಳ ಕಡೆಗಳಲ್ಲೂ ಆಗಿಹೋದ ಸಂಗತಿಗೆ ‘ಕೆ ಬುಯೆನೊ ಕೆ’ ಹೇಳುವಾಗ ಇಂಡಿಕೇಟಿವ್ ಹಾಕುವುದು ತೀರಾ ಸಾಮಾನ್ಯ, ಓದಿದವರೂ ಹಾಗೇ ಹೇಳುತ್ತಾರೆ. ಸ್ಪೇನಿನವರಾಗಿದ್ದರೆ ‘ಕೆ ಬಿಯೆನ್ ಕೆ ಮೆ ಆಯಾಸ್ ಎಸ್ಕ್ರಿತೊ’ ಅಂತ ಸಬ್ಜಂಕ್ಟಿವ್‌ನಲ್ಲೇ ಬರೆಯುತ್ತಿದ್ದರು. ನಿಮ್ಮ ಟೀಮಿನವರ ಜೊತೆ ಮಾತಾಡುವಾಗ ನೀವೂ ‘ಕೆ ಬುಯೆನೊ ಕೆ’ ಆದಮೇಲೆ ಅವರ ಹಾಗೇ ಹೇಳಿ. ‘ಮೆ ಅಲೆಗ್ರೊ ದೆ ಕೆ’ ಆದಮೇಲೆ ಮಾತ್ರ ಸಬ್ಜಂಕ್ಟಿವ್ ಬಿಡಬೇಡಿ.